ಹೋಗಿ ಬಂದ್ರೆ ನೋವು ಮಾಯ, ಮಧ್ಯಾಹ್ನಕ್ಕೆ ಮತ್ತೆ ಹಾಜರ್: ಐಬಿಎಸ್‌ನಲ್ಲಿ ಹೀಗ್ಯಾಕೆ?

ಸಂಜೆಮಳೆ

ನಾಚಿಕೆ ಬಿಟ್ಟು ಕೇಳ್ತಿದ್ದೀನಿ, ದಯವಿಟ್ಟು ಯಾರೂ ನಗಬೇಡಿ.

ಒಂದೂವರೆ ವರ್ಷದಿಂದ ಎಡಗಡೆ ಕೆಳಹೊಟ್ಟೆಯಲ್ಲಿ ನೋವು. ಒದ್ದೆ ಬಟ್ಟೆ ಹಿಂಡಿದ ಹಾಗೆ ನುಲಿಯುತ್ತೆ. ಟಾಯ್ಲೆಟ್‌ಗೆ ಹೋಗಿ ಬಂದ್ರೆ ಹತ್ತು ನಿಮಿಷದಲ್ಲಿ ಮುಕ್ಕಾಲು ಪಾಲು ಹೋಗುತ್ತೆ. ಆ ಹಗುರ ಎಷ್ಟು ಹಿತ ಅಂದ್ರೆ, ಇನ್ನು ಬರೋದೇ ಇಲ್ವೇನೋ ಅನ್ಸುತ್ತೆ. ಊಟ ಆಗಿ ಅರ್ಧ ಗಂಟೆಗೆ ಮತ್ತೆ ಅದೇ ಜಾಗದಲ್ಲಿ ಶುರು.

ಇನ್ನೊಂದು ತಲೆನೋವು: ಎರಡು ಮೂರು ದಿನ ಏನೂ ಬರಲ್ಲ, ಬಂದ್ರೆ ಆಡಿನ ಹಿಕ್ಕೆ. ಆಮೇಲೆ ಒಂದು ದಿನ ಬೆಳಿಗ್ಗೆ ನಾಲ್ಕು ಸಲ, ಕೊನೆಗೆ ಬರೀ ನೀರು. ಕೊಲೊನೋಸ್ಕೋಪಿ ನಾರ್ಮಲ್, ರಕ್ತ ಪರೀಕ್ಷೆ ನಾರ್ಮಲ್. ಡಾಕ್ಟರು "ಐಬಿಎಸ್, ಅಂದ್ರೆ ಇರಿಟಬಲ್ ಬವೆಲ್ ಸಿಂಡ್ರೋಮ್, ಟೆನ್ಷನ್ ಮಾಡ್ಕೋಬೇಡಿ" ಅಂದು ಚೀಟಿ ಬರೆದು ಕಳಿಸಿದ್ರು. ಒಂದೇ ಕರುಳಿಗೆ ಮಲಬದ್ಧತೆಯೂ ಬೇಧಿಯೂ ಒಟ್ಟಿಗೆ ಹೇಗೆ ಇರುತ್ತೆ? ಹೋಗಿ ಬಂದ್ರೆ ನೋವು ಕಮ್ಮಿ ಆಗೋದು ಯಾಕೆ? ಕಮ್ಮಿ ಆದ್ಮೇಲೆ ಯಾಕೆ ವಾಪಸ್ ಬರುತ್ತೆ?

ಹಳೇಸೈಕಲ್

ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ ತಾಯಿ. ಒಳಗೆ ಕೊಳೆ ನಿಂತಿರುತ್ತೆ, ಅದರ ವಿಷ ನೋವು ಕೊಡುತ್ತೆ. ಕೊಳೆ ಹೊರಗೆ ಹೋದ್ರೆ ನೋವೂ ಹೋಯ್ತು. ಪೂರ್ತಿ ಹೋಗಿರಲ್ಲ, ಅದಕ್ಕೇ ವಾಪಸ್ ಬರೋದು. ನಾನು ತಿಂಗಳಿಗೊಂದು ಸಲ ಬೇಧಿಗೆ ತಗೊಂಡು ಹೊಟ್ಟೆ ತೊಳ್ಕೋತೀನಿ. ಎರಡು ದಿನ ರಾಜನ ಹಾಗಿರ್ತೀನಿ.

ಬೆಳ್ಳಿಕೆರೆ

ನನಗೂ ಸೇಮ್ ಮೇಡಂ. ಊಟ ಆದ ಮೇಲೆ ಎದೆಗುಂಡಿಯಲ್ಲಿ ಉರಿ, ಹುಳಿ ತೇಗು. ಗ್ಯಾಸ್ಟ್ರಿಕ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳಿ, ಸರಿ ಹೋಗುತ್ತೆ.

ಸಂಜೆಮಳೆ

ಇಲ್ಲ ಸರ್, ನಂದು ಉರಿ ಅಲ್ಲ, ಹೊಕ್ಕುಳಿಗಿಂತ ಕೆಳಗೆ. ಗ್ಯಾಸ್ಟ್ರಿಕ್ ಮಾತ್ರೆ ಎರಡು ತಿಂಗಳು ತಿಂದು ನೋಡಿದೆ, ಏನೂ ಆಗ್ಲಿಲ್ಲ.

ಮೂರನೇಮಹಡಿ

ನಾನು ಡಾಕ್ಟರ್ ಅಲ್ಲ. ಹನ್ನೆರಡು ವರ್ಷ ಕರುಳಿನ ಒತ್ತಡ ಅಳೆಯೋ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸಣ್ಣ ಬಲೂನ್ ಕಟ್ಟಿದ ತೆಳ್ಳಗಿನ ನಳಿಕೆ ಗುದನಾಳದೊಳಗೆ ಬಿಟ್ಟು, ಬಲೂನ್‌ಗೆ ಸ್ವಲ್ಪ ಸ್ವಲ್ಪವೇ ಗಾಳಿ ತುಂಬಿಸ್ತಾ "ಈಗ ಗೊತ್ತಾಯ್ತಾ? ಈಗ ಹೋಗಬೇಕು ಅನ್ಸುತ್ತಾ? ಈಗ ನೋವಾ?" ಅಂತ ಕೇಳೋದೇ ನನ್ನ ಕೆಲಸ ಆಗಿತ್ತು. ಅದರಿಂದ ಗೊತ್ತಾದದ್ದನ್ನ ಹೇಳ್ತೀನಿ.

ಹಳೇಸೈಕಲ್ ಅವರ ಮಾತು ಅರ್ಧ ಸರಿ. ಒಳಗಿದ್ದದ್ದು ಹೊರಗೆ ಹೋದಾಗ ನೋವು ಹೋಗುತ್ತೆ, ನಿಜ. ಆದ್ರೆ ಅದು ವಿಷ ಹೋದದ್ದಕ್ಕಲ್ಲ, ಎಳೆತ ಸಡಿಲ ಆದದ್ದಕ್ಕೆ. ನಮ್ಮ ಬಲೂನಿನಲ್ಲಿ ಇದ್ದದ್ದು ಬರೀ ಗಾಳಿ. ಕೊಳೆ ಇಲ್ಲ, ವಿಷ ಇಲ್ಲ. ಆದ್ರೂ ಐಬಿಎಸ್ ಇರೋರಲ್ಲಿ ಬಹಳ ಜನ "ಅಯ್ಯೋ, ಇದೇ ನೋವು, ಇದೇ ಜಾಗ" ಅಂತಿದ್ರು. ಗಾಳಿ ತೆಗೆದ ಕೂಡಲೇ ನೋವು ಇಳೀತಿತ್ತು.

ಇದು ನಮ್ಮ ಲ್ಯಾಬಿನ ಕಥೆ ಮಾತ್ರ ಅಲ್ಲ. 1973ರಲ್ಲೇ ರಿಚಿ ಅನ್ನೋರು ಇದನ್ನ ಮಾಡಿ ಬರೆದಿದ್ದಾರೆ. ದೊಡ್ಡ ಕರುಳಿನ ಕೆಳಭಾಗದಲ್ಲಿ ಬಲೂನನ್ನ 60 ಮಿಲಿಲೀಟರ್ ಉಬ್ಬಿಸಿದಾಗ ಐಬಿಎಸ್ ಇದ್ದೋರಲ್ಲಿ ನೂರಕ್ಕೆ 55 ಜನಕ್ಕೆ ನೋವಾಯ್ತು, ಇಲ್ಲದೋರಲ್ಲಿ ನೂರಕ್ಕೆ 6 ಜನಕ್ಕೆ. 60 ಮಿಲಿ ಅಂದ್ರೆ ಒಂದು ಸಣ್ಣ ಲೋಟ ಕಾಫಿಗಿಂತ ಕಡಿಮೆ. ಅಷ್ಟು ಮಲವೋ ಗಾಳಿಯೋ ಎಲ್ಲರ ಕರುಳಲ್ಲೂ ಯಾವಾಗಲೂ ಇರುತ್ತೆ. ಉಳಿದೋರಿಗೆ ಅದು ಇದೆ ಅಂತಲೇ ಗೊತ್ತಾಗಲ್ಲ.

ಹಲ್ಲು ಜುಂ ಅನ್ನೋರಿಗೆ ತಣ್ಣೀರು ಕುಡಿದ್ರೆ ಪ್ರಾಣ ಹೋಗುತ್ತಲ್ಲ, ಹಾಗೆ. ನೀರು ಎಲ್ಲರಿಗೂ ಅಷ್ಟೇ ತಣ್ಣಗಿದೆ, ಹಲ್ಲು ಬೇರೆ. ನಿಮ್ಮ ಕರುಳಿನ ಗೋಡೆಯ ನರಗಳು ಸಣ್ಣ ಎಳೆತವನ್ನೂ ನೋವು ಅಂತ ಮೇಲಕ್ಕೆ ವರದಿ ಮಾಡ್ತಿವೆ. ನೀರು ನುಂಗಿದ್ರೆ ಹಲ್ಲಿನ ಜುಂ ಹೋಗುತ್ತೆ, ಹಲ್ಲು ಸರಿ ಹೋಗಿರಲ್ಲ. ಮತ್ತೆ ಯಾಕೆ ಬರುತ್ತೆ ಅಂತ ಕೇಳಿದ್ರಲ್ಲ, ಉತ್ತರ ಅದೇ.

ಅರ್ಧಟಿಕೆಟ್

ಬಲೂನ್ ಅಂದಿದ್ದು ಓದಿ ಕೂತಲ್ಲೇ ಸೆಟೆದುಕೊಂಡೆ 😬

ಆದ್ರೆ ಒಂದು ಡೌಟ್. ನಂಗೆ ಹೂಸು ಬಿಟ್ರೂ ನೋವು ಕಮ್ಮಿ ಆಗುತ್ತೆ. ಅದೂ ಇದೇನಾ?

ಮೂರನೇಮಹಡಿ

ಅದೂ ಇದೇ. ಗೋಡೆ ಹಿಗ್ಗಿಸ್ತಿರೋದು ಮಲವೋ ಗಾಳಿಯೋ ಅಂತ ನರ ನೋಡಲ್ಲ, ಎಷ್ಟು ಬಿಗಿ ಇದೆ ಅಂತ ನೋಡುತ್ತೆ.

ಬಿಗಿ ಎರಡು ಕಡೆಯಿಂದ ಬರುತ್ತೆ. ಒಳಗಿರೋದು ಗೋಡೆಯನ್ನ ಹೊರಕ್ಕೆ ತಳ್ಳುತ್ತೆ. ಗೋಡೆಯ ಮಾಂಸಖಂಡ ತಾನೇ ಒಳಕ್ಕೆ ಹಿಂಡುತ್ತೆ. ಮುಂದೆ ಗಟ್ಟಿ ಮಲ ಬಿರಡೆಯ ಹಾಗೆ ಕೂತಿದ್ದಾಗ ಹಿಂದಿನಿಂದ ಕರುಳು ಹಿಂಡಿದ್ರೆ, ಒಳಗಿರೋದು ಮುಂದೆ ಹೋಗಲ್ಲ, ಬಿಗಿ ಮಾತ್ರ ಏರುತ್ತೆ. ಸಂಜೆಮಳೆ ಮೇಡಂ "ಬಟ್ಟೆ ಹಿಂಡಿದ ಹಾಗೆ" ಅಂದದ್ದು ಬಹುಶಃ ಇದು. ಬಿರಡೆ ಹೋದ್ರೆ ಎರಡೂ ಒಟ್ಟಿಗೆ ಇಳಿಯುತ್ತೆ: ಒಳಗಿನ ತುಂಬು ಖಾಲಿ, ಕರುಳು ಹಿಂಡೋ ಅಲೆ ತನ್ನ ಕೆಲಸ ಮುಗಿಸಿ ಸಡಿಲ. ಒಂದು ಸಲ ಸರಿಯಾಗಿ ಹೋದಾಗ ಗುದನಾಳ ಮಾತ್ರ ಖಾಲಿ ಆಗಲ್ಲ, ಎಡಗಡೆಯ ಕರುಳು ಉದ್ದಕ್ಕೂ ಸಾಕಷ್ಟು ಖಾಲಿ ಆಗಬಹುದು. ಅದಕ್ಕೇ ನೋವು ಎಡ ಕೆಳಹೊಟ್ಟೆಯಲ್ಲಿದ್ರೂ ಇಳಿಯೋದು.

ಪುಟ್ಟಗುಬ್ಬಿ

ನಂದು ಉಲ್ಟಾ. ಹೋಗಿ ಬಂದ ಮೇಲೆ ಜಾಸ್ತಿ ಆಗುತ್ತೆ. ಒಂದು ಗಂಟೆ ಮಗ್ಗುಲಾಗಿ ಮಲಗಬೇಕು. ಇಂಟರ್ನೆಟ್ಟಲ್ಲೆಲ್ಲ "ಮಲ ವಿಸರ್ಜನೆ ನಂತರ ನೋವು ಕಡಿಮೆ ಆದ್ರೆ ಐಬಿಎಸ್" ಅಂತ ಇದೆ. ಹಾಗಾದ್ರೆ ನನಗಿರೋದು ಐಬಿಎಸ್ ಅಲ್ವಾ? ಡಾಕ್ಟರು ಐಬಿಎಸ್ ಅಂತಲೇ ಅಂದಿದ್ದು.

ಮೂರನೇಮಹಡಿ

ನೀವು ಓದಿರೋದು ಹಳೇ ಪಟ್ಟಿ. ಈ ರೋಗಕ್ಕೆ ಸ್ಕ್ಯಾನ್‌ನಲ್ಲಿ ಕಾಣೋ ಗುರುತು ಇಲ್ಲ, ಅದಕ್ಕೇ ಲಕ್ಷಣಗಳ ಪಟ್ಟಿ ಇಟ್ಕೊಂಡೇ ಗುರುತಿಸೋದು. 1978ರ ಮ್ಯಾನಿಂಗ್ ಪಟ್ಟಿಯಲ್ಲಿ "ಹೋಗಿ ಬಂದ್ರೆ ನೋವು ಇಳಿಯುತ್ತೆ" ಅನ್ನೋದು ಇತ್ತು. 2006ರ ರೋಮ್ 3 ಅನ್ನೋ ಪಟ್ಟಿಯಲ್ಲೂ ಇತ್ತು. 2016ರಲ್ಲಿ ರೋಮ್ 4 ಬಂದಾಗ ಅದನ್ನ "ಮಲ ವಿಸರ್ಜನೆಗೆ ಸಂಬಂಧಪಟ್ಟ ನೋವು" ಅಂತ ಬದಲಾಯಿಸಿದ್ರು. ನಿಮ್ಮಂಥೋರು ಕಡಿಮೆ ಏನಿಲ್ಲ, ಅದೇ ಕಾರಣ. ನೋವು ಇಳಿದ್ರೂ ಏರಿದ್ರೂ ಲೆಕ್ಕಕ್ಕಿದೆ. ವಾರಕ್ಕೆ ಸರಾಸರಿ ಒಂದು ದಿನವಾದ್ರೂ ನೋವು, ಕಳೆದ ಮೂರು ತಿಂಗಳಿಂದ, ಶುರುವಾಗಿ ಆರು ತಿಂಗಳಾದ್ರೂ ಆಗಿರಬೇಕು. ಜೊತೆಗೆ ನೋವು ವಿಸರ್ಜನೆಗೆ ಅಂಟಿಕೊಂಡಿರೋದು, ಎಷ್ಟು ಸಲ ಹೋಗ್ತೀರಿ ಅನ್ನೋದು ಬದಲಾಗೋದು, ಮಲದ ರೂಪ ಬದಲಾಗೋದು, ಈ ಮೂರರಲ್ಲಿ ಎರಡು.

ಏರೋದು ಯಾಕೆ ಅಂತ ಕೇಳಿದ್ರೆ ಒಂದೇ ಉತ್ತರ ಇಲ್ಲ. ಕೆಲವರಿಗೆ ಮಲ ಹೋದ್ರೂ ಅಲೆ ನಿಲ್ಲಲ್ಲ, ಖಾಲಿ ಗೋಡೆಯನ್ನೇ ಹಿಂಡ್ತಾ ಇರುತ್ತೆ. ಇನ್ನು ಕೆಲವರಿಗೆ ತಿಣುಕುವಾಗ ಗುದದ್ವಾರದ ಮಾಂಸಖಂಡ ಬಿಚ್ಚೋ ಬದಲು ಮುಚ್ಚಿಕೊಳ್ಳುತ್ತೆ, ಬಾಗಿಲು ಎಳೀಬೇಕಾದ ಕಡೆ ತಳ್ಳಿದ ಹಾಗೆ. ನಿಮಗೆ ತಿಣುಕೋದು ಜಾಸ್ತಿ, ಪೂರ್ತಿ ಆಗ್ಲಿಲ್ಲ ಅನ್ನೋ ಭಾವನೆ, ಕೈ ಬಳಸಿ ತೆಗೀಬೇಕಾಗೋದು ಇಂಥದ್ದೇನಾದ್ರೂ ಇದ್ಯಾ?

ಪುಟ್ಟಗುಬ್ಬಿ

...ಇದೆ. ಡಾಕ್ಟರಿಗೆ ಹೇಳಿಲ್ಲ.

ಮೂರನೇಮಹಡಿ

ಹೇಳಿ. ಆ ಒಂದು ಮಾತು ದಾರಿಯನ್ನೇ ಬದಲಾಯಿಸುತ್ತೆ. ಅದಕ್ಕೆ ಬೇರೆ ಪರೀಕ್ಷೆ ಇದೆ. ಬಲೂನ್‌ಗೆ 50 ಮಿಲಿ ನೀರು ತುಂಬಿಸಿ, ಕಮೋಡ್ ಮೇಲೆ ಕೂತು ಹೊರಗೆ ಹಾಕಿ ಅಂತ ಹೇಳೋದು. ಬಹುತೇಕರು ಒಂದು ನಿಮಿಷದೊಳಗೆ ಹಾಕ್ತಾರೆ. ಮಾಂಸಖಂಡ ಉಲ್ಟಾ ಕೆಲಸ ಮಾಡ್ತಿದ್ರೆ ಬಯೋಫೀಡ್‌ಬ್ಯಾಕ್ ಅಂತ ತರಬೇತಿ ಇದೆ. ಅಲ್ಲಿ ಬರೀ ಬೇಧಿ ಮಾಡಿಸೋ ಮಾತ್ರೆ ಕೊಟ್ಕೊಂಡು ಹೋದ್ರೆ ಮೂಲ ಹಾಗೇ ಉಳಿಯುತ್ತೆ.

ಸಂಜೆಮಳೆ

ನನ್ನ ಎರಡನೇ ಪ್ರಶ್ನೆ ಎಲ್ರೂ ಮರೆತ್ರಿ. ಮೂರು ದಿನ ಕಲ್ಲು, ಒಂದು ದಿನ ನೀರು, ಯಾಕೆ? ಡೈರಿ ಇಟ್ಟಿದ್ದೀನಿ, ಹಾಕ್ಲಾ?

ಮೂರನೇಮಹಡಿ

ಹಾಕಿ. ಮಾತ್ರೆ ತಗೊಂಡಿದ್ರೆ ಅದನ್ನೂ ಗಂಟೆ ಸಮೇತ ಹಾಕಿ.

ಸಂಜೆಮಳೆ

ಸೋಮವಾರ: ಇಲ್ಲ.
ಮಂಗಳವಾರ: ಇಲ್ಲ. ಸಂಜೆಯಿಂದ ಎಡಗಡೆ ಮಂದ ನೋವು.
ಬುಧವಾರ: ಬೆಳಿಗ್ಗೆ ಇಪ್ಪತ್ತು ನಿಮಿಷ ಕೂತೆ, ಐದಾರು ಹಿಕ್ಕೆ. ಕಾಲು ಗಂಟೆ ಬಿಟ್ಟು ಮತ್ತೆ ಹೋದೆ, ಈ ಸಲ ಮೆತ್ತಗೆ. ನೋವು ಅರ್ಧ ಆಯ್ತು.
ಗುರುವಾರ: ಬೆಳಿಗ್ಗೆ ನಾಲ್ಕು ಸಲ. ಮೊದಲನೇದು ಚೆನ್ನಾಗೇ ಇತ್ತು, ಕೊನೇದು ನೀರು. ಪ್ರತಿ ಸಲ ಮುಂಚೆ ನೋವು, ಆಮೇಲೆ ಹಗುರ. 10 ಗಂಟೆಗೆ ಲೋಪೆರಮೈಡ್ ಎರಡು ಮಾತ್ರೆ (ಮೀಟಿಂಗ್ ಇತ್ತು).
ಶುಕ್ರ, ಶನಿ: ಇಲ್ಲ. ಶನಿವಾರ ಹೊಟ್ಟೆ ಉಬ್ಬರ.
ಭಾನುವಾರ: ಇಲ್ಲ. ರಾತ್ರಿ 9ಕ್ಕೆ ಬೈಸಕೊಡಿಲ್ ಒಂದು.
ಸೋಮವಾರ: ಬೆಳಗಿನ ಜಾವ 5ಕ್ಕೆ ಹೊಟ್ಟೆ ನುಲಿದು ಎಬ್ಬಿಸ್ತು. ಮೂರು ಸಲ, ಎಲ್ಲ ತೆಳ್ಳಗೆ.
ಮಂಗಳ, ಬುಧ: ಇಲ್ಲ. ಮತ್ತೆ ಮಲಬದ್ಧತೆ.

ಅರ್ಧಟಿಕೆಟ್

ಅಕ್ಕ, ಇದು ನನ್ನದೇ ಹಾಸ್ಟೆಲ್ ದಿನಗಳ ಡೈರಿ ಇದ್ದ ಹಾಗಿದೆ. ಪರೀಕ್ಷೆ ದಿನ ನಿಲ್ಲಿಸೋ ಮಾತ್ರೆ, ಪರೀಕ್ಷೆ ಮುಗಿದ್ಮೇಲೆ ಬಿಡಿಸೋ ಮಾತ್ರೆ. ಒಂದು ಸೆಮಿಸ್ಟರ್ ಪೂರ್ತಿ ನನ್ನ ಹೊಟ್ಟೆ ಆ ಎರಡು ಸ್ಟ್ರಿಪ್‌ಗಳ ಮಧ್ಯೆ ಓಡಾಡ್ಕೊಂಡಿತ್ತು.

ಮೂರನೇಮಹಡಿ

ಅರ್ಧಟಿಕೆಟ್ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾನೆ. ಆದ್ರೆ ಮೊದಲ ನಾಲ್ಕು ದಿನದಿಂದ ನೋಡೋಣ, ಅಲ್ಲಿ ಮಾತ್ರೆಯ ಕೈವಾಡ ಇಲ್ಲ.

ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರುನೀರಾದ ಪದಾರ್ಥ ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ಬರುತ್ತೆ. ಮಲದಲ್ಲಿ ಹೊರಗೆ ಹೋಗೋ ನೀರು 100–200 ಮಿಲಿ ಅಷ್ಟೇ. ಉಳಿದದ್ದನ್ನ ದೊಡ್ಡ ಕರುಳು ಹೀರ್ಕೊಳ್ಳುತ್ತೆ. ಹಾಗಾಗಿ ಹಿಕ್ಕೆಗೂ ನೀರಿಗೂ ದೊಡ್ಡ ವ್ಯತ್ಯಾಸ ಅದು ಒಳಗೆ ಕೂತ ಸಮಯ. ಜಾಸ್ತಿ ಹೊತ್ತು ಕೂತ್ರೆ ಒಣಗುತ್ತೆ, ಬೇಗ ದಬ್ಬಿದ್ರೆ ಒಣಗೋಕೆ ಪುರುಸೊತ್ತೇ ಸಿಗಲ್ಲ.

ಕರುಳಿಗೆ ಎರಡು ತರದ ಚಲನೆ ಇದೆ. ಒಂದು ನಿಂತಲ್ಲೇ ಹಿಟ್ಟು ನಾದೋದು. ಅದು ಮುಂದೆ ಕಳಿಸಲ್ಲ, ನಾದಿ ನಾದಿ ನೀರು ಹೀರೋಕೆ ಅನುಕೂಲ ಮಾಡಿಕೊಡುತ್ತೆ. ಇನ್ನೊಂದು ಕಸ ಗುಡಿಸಿದ ಹಾಗೆ ಉದ್ದಕ್ಕೂ ಬರೋ ದೊಡ್ಡ ಅಲೆ. ಅದು ದಿನಕ್ಕೆ ಕೆಲವೇ ಸಲ, ಅದೂ ಹೆಚ್ಚಾಗಿ ಬೆಳಿಗ್ಗೆ ಎದ್ದಾಗ ಮತ್ತು ಊಟ ಆದ್ಮೇಲೆ. ಊಟ ಆಗಿ ಅರ್ಧ ಗಂಟೆಗೆ ನಿಮ್ಮ ನೋವು ಬರೋದು ಇದರಿಂದ. ತಿಂದದ್ದು ಆಗಲೇ ಕೆಳಗೆ ಬಂತು ಅಂತಲ್ಲ. ಹೊಟ್ಟೆ ತುಂಬಿದ ಸುದ್ದಿ ಕರುಳಿಗೆ ತಲುಪಿ ಅದು ಹಳೇ ಸರಕನ್ನ ಸರಿಸೋಕೆ ಹೊರಡುತ್ತೆ. ಆ ಅಲೆ ಎಲ್ಲರಿಗೂ ಬರುತ್ತೆ, ನಿಮ್ಮ ನರ ಅದನ್ನ ನೋವು ಅಂತ ಓದುತ್ತೆ.

ಸೋಮ, ಮಂಗಳ ನಾದೋದೇ ಜಾಸ್ತಿ, ಗುಡಿಸೋದು ಕಡಿಮೆ. ಕೆಳಗಿದ್ದದ್ದು ಒಣಗಿ ಬಿರಡೆ ಆಯ್ತು. ಅದರ ಹಿಂದಿದ್ದದ್ದು ಇನ್ನೂ ಮೆತ್ತಗೇ ಇದೆ, ಯಾಕಂದ್ರೆ ಅದು ತಡವಾಗಿ ಬಂದದ್ದು. ಬುಧವಾರ ಬಿರಡೆ ಹೋಯ್ತು, ಹಿಂದಿನ ಮೆತ್ತನೇದು ಕಾಲು ಗಂಟೆಗೇ ಬಂತು. ಗುರುವಾರ ಅಲೆ ಜೋರಾಗಿ ಬಂದು ಇನ್ನೂ ಮೇಲಿನದನ್ನ, ಒಣಗದೇ ಇರೋದನ್ನ ಎಳ್ಕೊಂಡು ಬಂತು. ಮೊದಲನೇದು ಚೆನ್ನಾಗಿದ್ದು ಕೊನೇದು ನೀರಾದದ್ದು ಅದಕ್ಕೇ. ನೀವು ಎರಡು ರೋಗ ಅಂತಿರೋದು ಒಂದೇ ಮೆರವಣಿಗೆಯ ತಲೆ ಮತ್ತು ಬಾಲ.

ಹಳೇಸೈಕಲ್

ನಾನು ಹೇಳಿದ್ದೂ ಅದೇ ಅಲ್ವಾ, ನಿಂತದ್ದು ಹೋಗಬೇಕು ಅಂತ.

ಮೂರನೇಮಹಡಿ

ಗುರುವಾರದ ತನಕ ನೀವು ಹೇಳಿದ್ದಕ್ಕೆ ಹತ್ತಿರ ಇದೆ ಸರ್. ಶುಕ್ರವಾರದಿಂದ ನೋಡಿ.

ಗುರುವಾರ ನಾಲ್ಕು ಸಲ ಹೋದ ಮೇಲೆ ಎಡಗಡೆ ಕರುಳಲ್ಲಿ ಸರಕೇ ಇಲ್ಲ. ಅದು ಮತ್ತೆ ತುಂಬೋಕೆ ಒಂದೆರಡು ದಿನ ಬೇಕು. ಶುಕ್ರವಾರದ "ಇಲ್ಲ" ಮಲಬದ್ಧತೆ ಅಲ್ಲ, ಖಾಲಿ ಡಬ್ಬ. ಅದರ ಮೇಲೆ ಲೋಪೆರಮೈಡ್ ಎರಡು. ಅದರ ಕೆಲಸವೇ ಅಲೆ ತಡೆದು ಇನ್ನಷ್ಟು ನೀರು ಹೀರೋಕೆ ಸಮಯ ಕೊಡೋದು. ಶನಿವಾರದ ಉಬ್ಬರಕ್ಕೆ ಅದರದ್ದೂ ಪಾಲಿದೆ. ಭಾನುವಾರ ನೀವು ಹೆದರಿ ಬೈಸಕೊಡಿಲ್ ತಗೊಂಡ್ರಿ. ಅದು ತಗೊಂಡ 6ರಿಂದ 12 ಗಂಟೆಯೊಳಗೆ ಕೆಲಸ ಮಾಡುತ್ತೆ. ರಾತ್ರಿ 9ಕ್ಕೆ ತಗೊಂಡದ್ದು ಬೆಳಿಗ್ಗೆ 5ಕ್ಕೆ ಅಂದ್ರೆ ಎಂಟು ಗಂಟೆ, ಗಡಿಯಾರದ ಹಾಗೆ. ಸೋಮವಾರದ ಬೇಧಿ ನಿಮ್ಮ ಕರುಳಿನದ್ದಲ್ಲ, ಮಾತ್ರೆಯದ್ದು. ಅದು ಗುಡಿಸಿ ಹಾಕಿದ ಮೇಲೆ ಮಂಗಳ, ಬುಧ ಮತ್ತೆ ಖಾಲಿ ಡಬ್ಬ. ನೀವು ಅದಕ್ಕೆ "ಮತ್ತೆ ಮಲಬದ್ಧತೆ" ಅಂತ ಬರೆದಿದ್ದೀರಿ.

ಹತ್ತು ದಿನದಲ್ಲಿ ಎರಡು ಬೇಧಿ, ಮೂರು ಮಲಬದ್ಧತೆ ಅಂತ ನೀವು ಎಣಿಸ್ತಿದ್ದೀರಿ. ನಾನು ಎಣಿಸಿದ್ರೆ ನಿಮ್ಮ ಕರುಳು ತಾನಾಗಿ ಆಡಿದ್ದು ಒಂದೇ ಆಟ, ಮೊದಲ ನಾಲ್ಕು ದಿನದ್ದು. ತಿಂಗಳಿಗೊಂದು ಸಲ ತೊಳ್ಕೊಳ್ಳೋ ನಮ್ಮ ಹಳೇಸೈಕಲ್ ಸರ್‌ಗೂ ಎರಡು ದಿನ ರಾಜನ ಹಾಗಿರೋದು ಇದೇ ಖಾಲಿ ಡಬ್ಬದ ಮಹಿಮೆ.

ಹಳೇಸೈಕಲ್

ಇರಲಿ ಬಿಡಿ. ಎರಡು ದಿನವಾದ್ರೂ ರಾಜ ಆಗಿರ್ತೀನಲ್ಲ.

ರಾತ್ರಿಪಾಳಿ

ಇಷ್ಟೆಲ್ಲ ಓದಿ ಒಂದು ಮಾತು ಹೇಳದೇ ಇರೋಕೆ ಆಗ್ತಿಲ್ಲ. ನಮ್ಮ ಅಪ್ಪನಿಗೂ ಹೀಗೇ ಇತ್ತು. ಒಮ್ಮೆ ಗಟ್ಟಿ, ಒಮ್ಮೆ ತೆಳು, ಹೋಗಿ ಬಂದ್ರೆ ಹಾಯ್ ಅನ್ಸೋದು. ವಯಸ್ಸು 58. ಒಬ್ಬ ಡಾಕ್ಟರು ಪರೀಕ್ಷೆ ಮಾಡ್ದೇನೇ ಐಬಿಎಸ್ ಅಂದ್ರು. ಎಂಟು ತಿಂಗಳಾದ್ಮೇಲೆ ರಕ್ತ ಕಡಿಮೆ ಇದೆ ಅಂತ ಬೇರೆ ಕಡೆ ತೋರಿಸಿದಾಗ ಗುದನಾಳದಲ್ಲಿ ಗೆಡ್ಡೆ. ಆಪರೇಷನ್ ಆಯ್ತು, ಈಗ ಓಡಾಡ್ಕೊಂಡಿದ್ದಾರೆ. ದಯವಿಟ್ಟು "ಹೋಗಿ ಬಂದ್ರೆ ಕಮ್ಮಿ ಆಗುತ್ತೆ, ಹಾಗಾಗಿ ಐಬಿಎಸ್ಸೇ" ಅಂತ ಯಾರೂ ಇಲ್ಲಿಂದ ತೀರ್ಮಾನ ಮಾಡ್ಕೊಂಡು ಹೋಗಬೇಡಿ.

ಮೂರನೇಮಹಡಿ

ಒಳ್ಳೇ ಸಮಯಕ್ಕೆ ಹೇಳಿದ್ರಿ. ಎಳೆತ ಇಳಿದ್ರೆ ಹಗುರ ಆಗೋದು ಯಾವ ಕರುಳಿಗಾದ್ರೂ ಆಗುತ್ತೆ. ಕರುಳಿನ ಒಳಪದರ ಹುಣ್ಣಾಗೋ ಅಲ್ಸರೇಟಿವ್ ಕೊಲೈಟಿಸ್‌ನಲ್ಲೂ ಹೋಗೋಕೆ ಮುಂಚೆ ನುಲಿ, ಹೋದ್ಮೇಲೆ ಸಡಿಲ. ಹಾಗಾಗಿ ಹಗುರ ಆಗೋದು ಸುಳಿವು ಮಾತ್ರ.

ಐಬಿಎಸ್ ತಾನಾಗಿ ರಕ್ತ ಕೊಡಲ್ಲ, ತೂಕ ಇಳಿಸಲ್ಲ, ಜ್ವರ ತರಲ್ಲ, ಹಿಮೋಗ್ಲೋಬಿನ್ ಇಳಿಸಲ್ಲ. ಗಟ್ಟಿ ಮಲದಿಂದ ಗುದದ ಚರ್ಮ ಸೀಳಿ ಒಂದೆರಡು ಹನಿ ಕೆಂಪು ಕಾಣಬಹುದು, ಆದ್ರೆ ಅದೇ ಅಂತ ನಾವೇ ಅಂದುಕೊಳ್ಳಬಾರದು, ತೋರಿಸಬೇಕು. 50ರ ಆಸುಪಾಸು ಅಥವಾ ಆಮೇಲೆ ಹೊಸದಾಗಿ ಶುರುವಾದ್ರೂ, ಮನೆಯಲ್ಲಿ ಕರುಳಿನ ಕ್ಯಾನ್ಸರ್ ಇದ್ದಿದ್ರೂ ಪರೀಕ್ಷೆ ಆಗದೇ ಐಬಿಎಸ್ ಅನ್ನಬಾರದು. ಗಾಢ ನಿದ್ದೆಯಿಂದ ನೋವೋ ಬೇಧಿಯೋ ಪದೇ ಪದೇ ಎಬ್ಬಿಸಿದ್ರೆ ಅದೂ ಎಚ್ಚರಿಕೆ. ಸಂಜೆಮಳೆ ಮೇಡಂ 5 ಗಂಟೆಗೆ ಎದ್ದದ್ದು ಮಾತ್ರೆಯಿಂದ, ಅದನ್ನ ಇದಕ್ಕೆ ಸೇರಿಸಬೇಡಿ. ಮಾತ್ರೆ ಇಲ್ಲದ ರಾತ್ರಿಗಳಲ್ಲಿ ಹಾಗಾಗಿದ್ಯಾ?

ಸಂಜೆಮಳೆ

ಇಲ್ಲ, ಮಲಗಿದ್ರೆ ಬೆಳಿಗ್ಗೆ ತನಕ ಏನೂ ಇಲ್ಲ. ಎದ್ದು ಕಾಲು ನೆಲಕ್ಕಿಟ್ಟ ಮೇಲೆ ಶುರು. ತೂಕ ಹಾಗೇ ಇದೆ, ವಯಸ್ಸು 34.

ಇನ್ನೊಂದು ಗಮನಿಸಿದೆ. ಆ ಗುರುವಾರ ನನ್ನ ತಿಂಗಳ ಮೊದಲನೇ ದಿನ. ಹಿಂದಿನ ತಿಂಗಳ ಡೈರಿ ನೋಡಿದ್ರೆ ಆಗಲೂ ಹಾಗೇ.

ಪುಟ್ಟಗುಬ್ಬಿ

ನಂಗೂ! ಅದು ಕಾಕತಾಳೀಯ ಅಂದುಕೊಂಡಿದ್ದೆ.

ಮೂರನೇಮಹಡಿ

ಕಾಕತಾಳೀಯ ಅಲ್ಲ. ಮುಟ್ಟಿನ ಸಮಯದಲ್ಲಿ ಗರ್ಭಕೋಶ ಹಿಂಡೋಕೆ ಬಿಡುಗಡೆ ಆಗೋ ರಾಸಾಯನಿಕಗಳು ಕರುಳನ್ನೂ ಚುರುಕು ಮಾಡ್ತವೆ. ಐಬಿಎಸ್ ಇಲ್ಲದೋರಿಗೂ ಆ ದಿನಗಳಲ್ಲಿ ಸ್ವಲ್ಪ ತೆಳು ಆಗೋದಿದೆ. ನೀವಿಬ್ಬರೂ ಡೈರಿಯಲ್ಲಿ ಅದನ್ನೂ ಗುರುತು ಹಾಕ್ಕೊಳ್ಳಿ. ಮನಸ್ಸಿನ ಒತ್ತಡವೂ ಹಾಗೇ, ಹೊಟ್ಟೆಯನ್ನ ನಿಧಾನ ಮಾಡಿ ದೊಡ್ಡ ಕರುಳನ್ನ ಜೋರು ಮಾಡುತ್ತೆ. ಮೀಟಿಂಗ್ ದಿನವೇ ನಾಲ್ಕು ಸಲ ಆಗೋದರಲ್ಲಿ ಅದರ ಕೈಯೂ ಇರಬಹುದು.

ಅರ್ಧಟಿಕೆಟ್

ಅಂದ್ರೆ ಕೊನೆಗೆ "ಟೆನ್ಷನ್ ಮಾಡ್ಕೋಬೇಡಿ" ಅಂದ ಡಾಕ್ಟರೇ ಸರಿ ಅಂತಾಯ್ತು?

ರಾತ್ರಿಪಾಳಿ

ಹಾಗಂದ್ರೆ ನಂಗೆ ಸಿಟ್ಟು ಬರುತ್ತೆ. ಟೆನ್ಷನ್ ಅಂತ ಹೇಳಿ ಕೈ ತೊಳ್ಕೊಳ್ಳೋದು ಸುಲಭ. ನನ್ನ ಪ್ರಕಾರ ಇದು ಕರುಳಿನ ಕಾಯಿಲೆ, ತಲೆಯದ್ದಲ್ಲ.

ಮೂರನೇಮಹಡಿ

ಇದರ ಬಗ್ಗೆ ನಮ್ಮ ಲ್ಯಾಬ್‌ನಲ್ಲೂ ಜಗಳ ಇತ್ತು, ಮುಗಿದಿಲ್ಲ. ಕೆಲವರಿಗೆ ಜೋರಾದ ಹೊಟ್ಟೆ ಸೋಂಕು ಬಂದು ಹೋದ ಮೇಲೆ ಐಬಿಎಸ್ ಶುರುವಾಗುತ್ತೆ. ಅವರಿಗೆ "ತಲೆಯದ್ದು" ಅಂದ್ರೆ ಅನ್ಯಾಯ. ಇನ್ನು ಕೆಲವರಿಗೆ ಬಲೂನ್ ಎಷ್ಟು ಉಬ್ಬಿದ್ರೂ ಬೇರೆಯವರಷ್ಟೇ ತಡ್ಕೋತಾರೆ, ಆದ್ರೂ ಮನೆಗೆ ಹೋದ್ರೆ ನೋವು. ಅವರಿಗೆ ನನ್ನ ಎಳೆತದ ಕಥೆ ಪೂರ್ತಿ ಹೊಂದಲ್ಲ. ನರ ಕೆಳಗಿಂದ ಮೇಲಕ್ಕೆ ಸುದ್ದಿ ಒಯ್ಯುತ್ತೆ, ಮೇಲಿಂದ ಕೆಳಕ್ಕೂ ತರುತ್ತೆ. ಯಾವ ಕಡೆ ಎಷ್ಟು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ತರ.

ಸಂಜೆಮಳೆ

ಈಗ ನಾನು ಏನು ಮಾಡ್ಲಿ? ಎರಡೂ ಮಾತ್ರೆ ಎಸೆದುಬಿಡ್ಲಾ?

ಮೂರನೇಮಹಡಿ

ಡಾಕ್ಟರ್ ಹತ್ರ ಈ ಡೈರಿ ಹಿಡ್ಕೊಂಡು ಹೋಗಿ, ಎರಡು ವಾರ ಎರಡೂ ಇಲ್ಲದೇ ನೋಡಬಹುದಾ ಅಂತ ಕೇಳಿ. ಯಾವ ಬಗೆಯ ಐಬಿಎಸ್ ಅಂತ ನೋಡಬೇಕಾದ್ರೂ ಮಾತ್ರೆ ಇಲ್ಲದ ದಿನಗಳೇ ಬೇಕು. ಅಲ್ಲಿ ದಿನ ಎಣಿಸೋದಲ್ಲ, ರೂಪ ಎಣಿಸೋದು. ಬ್ರಿಸ್ಟಲ್ ಚಾರ್ಟ್ ಅಂತ ಏಳು ಚಿತ್ರ ಇದೆ, 1 ಮತ್ತು 2 ಗಟ್ಟಿ, 6 ಮತ್ತು 7 ತೆಳು. ಹೋದ ಸಲಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗಟ್ಟಿ, ಕಾಲು ಭಾಗಕ್ಕಿಂತ ಹೆಚ್ಚು ತೆಳು ಇದ್ರೆ ಅದು ಮಿಶ್ರ ಬಗೆ. "ಇಲ್ಲ" ಅಂತ ಬರೆದ ದಿನ ಲೆಕ್ಕಕ್ಕೇ ಬರಲ್ಲ.

ಇಸಬ್ಗೋಲ್ ಬಗ್ಗೆಯೂ ಕೇಳಿ. ಅದು ನೀರನ್ನ ಹಿಡಿದಿಟ್ಟುಕೊಳ್ಳೋ ನಾರು. ಒಣಗೋದನ್ನ ಮೆತ್ತಗಿಡುತ್ತೆ, ತೆಳ್ಳಗಿರೋದಕ್ಕೆ ಮೈ ಕೊಡುತ್ತೆ. ಎರಡೂ ತುದಿಗೆ ಕೆಲಸಕ್ಕೆ ಬರೋ ವಸ್ತು ಕಡಿಮೆ, ಇದು ಅದರಲ್ಲೊಂದು. ದಿನಕ್ಕೆ 3–4 ಗ್ರಾಂನಿಂದ ಶುರು ಮಾಡಿ, ಸಾಕಷ್ಟು ನೀರಿನ ಜೊತೆ, ನಿಧಾನಕ್ಕೆ ಏರಿಸೋದು. ಒಂದೇ ಸಲ ಎರಡು ಚಮಚ ಸುರ್ಕೊಂಡ್ರೆ ಉಬ್ಬರದಲ್ಲೇ ಸಾಯ್ತೀರಿ. ಗೋಧಿ ತೌಡಿನಂಥ ಒರಟು ನಾರು ಬೇಡ, ಐಬಿಎಸ್‌ನಲ್ಲಿ ಅದು ನೋವು, ಉಬ್ಬರ ಏರಿಸೋದೇ ಜಾಸ್ತಿ.

ಬೆಳ್ಳಿಕೆರೆ

ಇಸಬ್ಗೋಲ್ ಹುಳಿ ತೇಗಿಗೂ ಆಗುತ್ತಾ ಸರ್?

ಅರ್ಧಟಿಕೆಟ್

ಸರ್, ನಿಮಗೆ ಬೇರೆ ಥ್ರೆಡ್ ತೆಗೆದುಕೊಡ್ತೀನಿ 😄

ಸಂಜೆಮಳೆ (ಐದು ವಾರದ ನಂತರ)

ಹೇಳಿದ ಹಾಗೆ ಡೈರಿ ತೋರಿಸಿದೆ. ಡಾಕ್ಟರು ಈ ಸಲ ಹತ್ತು ನಿಮಿಷ ಕೂತು ಓದಿದ್ರು. ಎರಡೂ ಮಾತ್ರೆ ನಿಲ್ಲಿಸಿ, ಇಸಬ್ಗೋಲ್ ಸಣ್ಣ ಚಮಚದಿಂದ ಶುರು.

ಮೊದಲ ವಾರ ಉಬ್ಬರ, ಎರಡು ಸಲ ಬೈಸಕೊಡಿಲ್ ಡಬ್ಬಿ ಕೈಗೆ ತಗೊಂಡು ವಾಪಸ್ ಇಟ್ಟೆ. "ಖಾಲಿ ಡಬ್ಬ" ಅಂತ ಜಪ ಮಾಡ್ಕೊಂಡು ಕಾದೆ, ಮೂರನೇ ದಿನ ತಾನಾಗೇ ಬಂತು, ಹಿಕ್ಕೆ ಅಲ್ಲ. ನೀರಾಗೋದು ಐದು ವಾರದಲ್ಲಿ ಒಂದೇ ಸಲ, ಅದೂ ತಿಂಗಳ ಮೊದಲ ದಿನ. ಹಿಕ್ಕೆ ಇನ್ನೂ ಆಗಾಗ ಇದೆ.

ನೋವು ಮಾತ್ರ ಹೋಗಿಲ್ಲ. ವಾರಕ್ಕೆ ಐದು ದಿನ ಇದ್ದದ್ದು ಮೂರು ದಿನ ಆಗಿದೆ. ಊಟ ಆದ್ಮೇಲೆ ಅದೇ ಜಾಗ, ಹೋಗಿ ಬಂದ್ರೆ ಅದೇ ಹಗುರ.

ಮೂರನೇಮಹಡಿ

ಸರಕಿನ ಓಡಾಟ ಸ್ವಲ್ಪ ಸಮ ಆಯ್ತು, ಜುಂ ಅನ್ನೋ ಹಲ್ಲು ಹಾಗೇ ಇದೆ. ಅದಕ್ಕೆ ಬೇರೆ ದಾರಿ. ಕರುಳಿನ ಹಿಂಡು ಸಡಿಲಿಸೋ ಮಾತ್ರೆಗಳು, ಪುದೀನ ಎಣ್ಣೆಯ ಕ್ಯಾಪ್ಸೂಲ್ ಇವೆ. ಅದಕ್ಕೂ ಬಗ್ಗದಿದ್ರೆ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ, 10 ಮಿಲಿಗ್ರಾಂನಿಂದ ಶುರು ಮಾಡಿ 30ರ ತನಕ ಕೊಡೋದು. 2023ರಲ್ಲಿ ಬಂದ ಅಟ್ಲಾಂಟಿಸ್ ಅಧ್ಯಯನದಲ್ಲಿ ಐಬಿಎಸ್‌ಗೆ ಅದು ಸುಳ್ಳು ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡ್ತು. ಚೀಟಿ ನೋಡಿ "ಇದು ಡಿಪ್ರೆಷನ್ ಮಾತ್ರೆ, ನಂಗೆ ಹುಚ್ಚಾ?" ಅಂತ ಗಾಬರಿ ಆಗಬೇಡಿ. ಇಷ್ಟು ಸಣ್ಣ ಪ್ರಮಾಣದಲ್ಲಿ ಕೊಡೋದು ನರದ ಸುದ್ದಿಯ ಸದ್ದು ತಗ್ಗಿಸೋಕೆ. ಒಂದು ತೊಂದರೆ, ಅದು ಕರುಳನ್ನ ನಿಧಾನ ಮಾಡುತ್ತೆ. ನಿಮಗೆ ಹಿಕ್ಕೆ ಇನ್ನೂ ಇದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಪುಟ್ಟಗುಬ್ಬಿ

ನಾನೂ ಹೇಳಿದೆ, ಆ ಮಾತು. ಬಲೂನ್ ಪರೀಕ್ಷೆ ಮುಂದಿನ ಮಂಗಳವಾರ. ಒಂದು ಪ್ರಶ್ನೆ ಇದೆ, ಅಲ್ಲಿ ಕೇಳೋಕೆ ನಾಚಿಕೆ: ಬಲೂನ್ ಹೊರಗೆ ಹಾಕುವಾಗ ಆ ಕೋಣೆಯಲ್ಲಿ ಯಾರಾದ್ರೂ ಇರ್ತಾರಾ?

ಮೂರನೇಮಹಡಿ

ನಾವು ಪರದೆ ಎಳೆದು, ಬಾಗಿಲು ಮುಂದಕ್ಕೆ ಮಾಡಿ, ಸ್ಟಾಪ್‌ವಾಚ್ ಹಿಡ್ಕೊಂಡು ಹೊರಗೆ ನಿಲ್ತಿದ್ವಿ. ಬೇರೆ ಕಡೆ ಹೇಗೋ, ಒಳಗೆ ಹೋಗೋಕೆ ಮುಂಚೆಯೇ ಕೇಳಿ. ಒಬ್ಬಳೇ ಬೇಕು ಅಂದ್ರೆ ಇಲ್ಲ ಅನ್ನಲ್ಲ.